ಬಚ್ಚಲ ನೀರಿಗೆ ಎರಡು ಡ್ರಮ್ಮು

ವಾಷಿಂಗ್ ಮೆಷಿನ್ನು ಮೊದಲ ಸುತ್ತು ಮುಗಿಸಿ ಹೊರಗೆ ಬಿಡುವ ನೀರನ್ನು ಒಂದು ಗಾಜಿನ ಬಾಟಲಿಯಲ್ಲಿ ಹಿಡಿದು ಕಿಟಕಿಯ ಪಕ್ಕ ಇಟ್ಟುನೋಡಿ. ಮೊದಲಿಗೆ ಅದು ಬೂದುಬಣ್ಣದ ಕಲಕು ನೀರು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಮಣ್ಣು, ಮರಳಿನ ಕಣ ತಳಕ್ಕಿಳಿದು ತೆಳ್ಳಗೆ ಪದರ ಕಟ್ಟುತ್ತದೆ. ಸೋಪಿನ ನೊರೆಯೂ ಮೈಯೆಣ್ಣೆಯೂ ಸೇರಿ ಮೇಲೆ ಕೆನೆಯ ಹಾಗೆ ನಿಲ್ಲುತ್ತವೆ. ನಡುವಿನ ನೀರಲ್ಲಿ ಬಟ್ಟೆಯ ನಾರು, ಕೂದಲು ಮಾತ್ರ ಅತ್ತಿತ್ತ ತೇಲುತ್ತಿರುತ್ತವೆ. ಬಾಟಲಿಯನ್ನು ಮುಚ್ಚಿ ಮೂರನೆಯ ದಿನ ತೆರೆದರೆ ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಹೊಡೆಯುತ್ತದೆ.

ಈ ವಾಸನೆಗೆ ಕಾರಣವಿದೆ. ಮೈಯಿಂದ ಬಂದ ಕೊಳೆ, ಬೆವರು, ಸತ್ತ ಚರ್ಮದ ಕಣ, ಸೋಪು ಎಲ್ಲವೂ ಬ್ಯಾಕ್ಟೀರಿಯಾಗಳಿಗೆ ಊಟ. ಅವು ತಿನ್ನುತ್ತಾ ನೀರಿನಲ್ಲಿರುವ ಆಮ್ಲಜನಕವನ್ನು ಮುಗಿಸಿಬಿಡುತ್ತವೆ. ಆಮೇಲೆ ಗಾಳಿ ಬೇಡದ ಇನ್ನೊಂದು ಜಾತಿಯವು ಹೆಚ್ಚಿಕೊಂಡು ನೀರಿನಲ್ಲಿರುವ ಸಲ್ಫೇಟನ್ನು ಒಡೆದು ಹೈಡ್ರೋಜನ್ ಸಲ್ಫೈಡ್ ಅನಿಲ ಮಾಡುತ್ತವೆ. ಅಗ್ಗದ ಡಿಟರ್ಜೆಂಟ್ ಪುಡಿಗಳಲ್ಲಿ ತೂಕ ತುಂಬಿಸಲು ಹಾಕುವುದೇ ಸೋಡಿಯಂ ಸಲ್ಫೇಟ್, ಹಾಗಾಗಿ ಬಟ್ಟೆ ನೀರು ಇನ್ನೂ ಬೇಗ ನಾರುತ್ತದೆ. ಈ ನೀರನ್ನು ಅರ್ಧ ಗಂಟೆ ನಿಲ್ಲಿಸಿದರೆ ಲಾಭ, ಒಂದು ದಿನ ದಾಟಿಸಿದರೆ ನಷ್ಟ. ಅದನ್ನು ‘ಉಳಿಸಿಡಲು’ ದೊಡ್ಡ ಟ್ಯಾಂಕು ಕಟ್ಟಿಸಿದವರು ಆರು ತಿಂಗಳಲ್ಲಿ ಆ ಟ್ಯಾಂಕಿನ ಬಾಯಿ ಮುಚ್ಚಿಸುವುದು ಇದೇ ಕಾರಣಕ್ಕೆ.

2024ರ ಮಾರ್ಚ್‌ನಲ್ಲಿ ನೀರಿನ ಬರ ಜೋರಾದಾಗ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಗಿಡಗಳಿಗೆ, ಕಾರು ತೊಳೆಯಲು ಬಳಸಬಾರದೆಂದು ಆದೇಶಿಸಿ 5000 ರೂಪಾಯಿ ದಂಡ ಗೊತ್ತುಮಾಡಿತು. ಆಗ ಮನೆಮನೆಯಲ್ಲೂ ಬಕೆಟ್ಟುಗಳು ಮೆಷಿನ್ನಿನ ಪೈಪಿನ ಕೆಳಗೆ ಬಂದವು. ಮಳೆ ಬಂದ ಮೇಲೆ ಬಹುಪಾಲು ಬಕೆಟ್ಟುಗಳು ವಾಪಸ್ಸು ಹೋದವು. ನೂರಿಪ್ಪತ್ತು ಲೀಟರನ್ನು ಬಕೆಟ್ಟಿನಲ್ಲಿ ಹೊತ್ತು ಗಿಡಕ್ಕೆ ಹಾಕುವುದು ಯಾರಿಗೂ ಹೆಚ್ಚು ದಿನ ಆಗುವ ಕೆಲಸವಲ್ಲ. ನೀರು ತಾನಾಗಿಯೇ ಇಳಿದು, ತಿಳಿಯಾಗಿ, ಗಿಡದ ಬುಡಕ್ಕೆ ಹೋಗುವಂತಿದ್ದರೆ ಮಾತ್ರ ಅದು ವರ್ಷಗಟ್ಟಲೆ ನಡೆಯುತ್ತದೆ. ಅಂಥದ್ದೊಂದು ಏರ್ಪಾಡನ್ನು ಬೆಂಗಳೂರಿನ ಮೂವತ್ತು-ನಲವತ್ತು ಸೈಟಿನ ಪರಿಚಯದ ಮನೆಯೊಂದರ ಲೆಕ್ಕ ಹಿಡಿದು ನೋಡೋಣ.

ಮನೆಯಲ್ಲಿ ನಾಲ್ವರು. ಅಜ್ಜಿ ಕೆಳಗಿನ ಬಚ್ಚಲು ಬಳಸುತ್ತಾರೆ, ಉಳಿದ ಮೂವರ ಸ್ನಾನ ಮೊದಲ ಮಹಡಿಯಲ್ಲಿ. ತಲೆಗೆ ಎರಡು ಬಕೆಟ್ ಎಂದರೆ 40 ಲೀಟರ್, ಮೂವರಿಗೆ 120 ಲೀಟರ್. ಮೇಲಿನಿಂದ ಬಟ್ಟೆ ಹಾಕುವ ಮೆಷಿನ್ನು ಒಂದು ದಿನ ಬಿಟ್ಟು ಒಂದು ದಿನ ಓಡುತ್ತದೆ, ಪ್ರತಿ ಸಲ ಸುಮಾರು 120 ಲೀಟರ್ ಹೊರಗೆ ಬಿಡುತ್ತದೆ. ಮುಂಬಾಗಿಲಿನ ಮೆಷಿನ್ನಾದರೆ ಇದರ ಅರ್ಧವೂ ಬರುವುದಿಲ್ಲ. ಇನ್ನು ತೋಟ: ಕಾಂಪೌಂಡಿನ ಉದ್ದಕ್ಕೂ, ಮುಂದುಗಡೆಯೂ ಸೇರಿ 25 ಚದರ ಮೀಟರ್ ಮಣ್ಣು. ಬೇಸಗೆಯಲ್ಲಿ ಇಲ್ಲಿಯ ಮಣ್ಣಿಗೆ ಚದರ ಮೀಟರಿಗೆ ದಿನಕ್ಕೆ 5 ಲೀಟರ್ ಎಂದು ಹಿಡಿಯಬಹುದು. ಅಂದರೆ 125 ಲೀಟರ್ ಬೇಕು. ಸ್ನಾನದ ನೀರೊಂದೇ ಅದನ್ನು ತೂಗಿಸುತ್ತದೆ. ಬಟ್ಟೆ ಒಗೆದ ದಿನ ಹೆಚ್ಚಾಗುವ ನೀರು ಹಿಂದಿನ ಬಾಳೆ, ತೆಂಗಿನ ಪಾತಿಗೆ. ಲೆಕ್ಕ ಹೀಗೆ ಮೊದಲೇ ಹಾಕಿಕೊಂಡದ್ದರಿಂದ ಆ ಮನೆಯಲ್ಲಿ ಸಂಗ್ರಹದ ಟ್ಯಾಂಕೇ ಇಲ್ಲ. ಬಂದದ್ದು ಅಂದೇ ಖರ್ಚು.

ಕೆಳಗಿನ ಬಚ್ಚಲನ್ನು ಯಾಕೆ ಬಿಟ್ಟರು? ಅಲ್ಲಿಯ ನೀರು ನೆಲಮಟ್ಟದಲ್ಲಿ ಹೊರಬರುತ್ತದೆ. ಅದನ್ನು ಡ್ರಮ್ಮಿಗೆ ಇಳಿಸಬೇಕೆಂದರೆ ಡ್ರಮ್ಮನ್ನು ಗುಂಡಿಯಲ್ಲಿ ಹೂಳಬೇಕು, ಅಲ್ಲಿಂದ ಮೇಲೆತ್ತಲು ಪಂಪು ಬೇಕು. ಪಂಪು ಬಂದರೆ ಅದರ ಬಾಯಿಗೆ ಕೂದಲು ಸಿಕ್ಕುವುದು, ಕರೆಂಟು, ರಿಪೇರಿ ಎಲ್ಲವೂ ಹಿಂದೆಯೇ ಬರುತ್ತವೆ. ಮೇಲಿನ ಮಹಡಿಯ ಬಚ್ಚಲು ಮತ್ತು ಯುಟಿಲಿಟಿಯಲ್ಲೋ ತಾರಸಿಯಲ್ಲೋ ಇಟ್ಟ ಮೆಷಿನ್ನಾದರೆ ನೀರು ತನ್ನ ಭಾರಕ್ಕೇ ಇಳಿಯುತ್ತದೆ. ನೆಲಮಹಡಿ ಮಾತ್ರ ಇರುವ ಮನೆಯವರು ಮೆಷಿನ್ನನ್ನು ಎರಡು ಅಡಿ ಎತ್ತರದ ಕಟ್ಟೆಯ ಮೇಲಿಟ್ಟು ಅಷ್ಟಕ್ಕೇ ತೃಪ್ತಿಪಡುವುದು ಒಳ್ಳೆಯದು.

ಪೈಪು ಕತ್ತರಿಸುವ ಮುನ್ನ ಒಂದು ಪರೀಕ್ಷೆ ಕಡ್ಡಾಯ. ಕಮೋಡಿನ ನೀರೂ ಸ್ನಾನದ ನೀರೂ ಒಂದೇ ಪೈಪಿನಲ್ಲಿ ಬರುತ್ತಿವೆಯೇ ಎಂದು ತಿಳಿಯಬೇಕು. ಹೊರಗಿನ ಚೇಂಬರಿನ ಮುಚ್ಚಳ ತೆಗೆಸಿ ಒಬ್ಬರು ಅಲ್ಲಿ ನಿಲ್ಲಿ. ಇನ್ನೊಬ್ಬರು ಮೇಲೆ ಮೊದಲು ಬಚ್ಚಲಿಗೆ ಒಂದು ಬಕೆಟ್ ನೀರು ಸುರಿಯಲಿ, ಆಮೇಲೆ ಫ್ಲಶ್ ಎಳೆಯಲಿ. ಎರಡೂ ಬೇರೆಬೇರೆ ಪೈಪಿನಿಂದ ಬಂದರೆ ಬಚ್ಚಲಿನ ನಹಾನಿ ಟ್ರ್ಯಾಪಿನಿಂದ ಇಳಿಯುವ ಪೈಪಿಗೆ ಕೈಹಾಕಬಹುದು. ಒಂದೇ ಪೈಪಿನಿಂದ ಬಂದರೆ ಗೋಡೆಯೊಳಗೆ ಎಲ್ಲೋ ಸೇರಿಕೊಂಡಿವೆ ಎಂದರ್ಥ. ಆಗ ಬಚ್ಚಲ ನೀರಿನ ಆಸೆ ಬಿಟ್ಟು ಬಟ್ಟೆ ನೀರನ್ನಷ್ಟೇ ಹಿಡಿಯಬೇಕು. ಅಡುಗೆಮನೆಯ ಸಿಂಕಿನದೂ ಬೇಡ. ಎಣ್ಣೆ ಜಿಡ್ಡು, ಅನ್ನದ ಗಂಜಿ ಮರಳಿನ ಮೇಲೆ ಬಿದ್ದರೆ ವಾರದೊಳಗೆ ಅಂಟು ಹಾಕಿದಂತೆ ಕಟ್ಟಿಕೊಳ್ಳುತ್ತದೆ.

ಇಳಿಯುವ ಪೈಪಿಗೆ ಒಂದು ಟೀ ಹಾಕಿ, ಎರಡು ಕಡೆಗೂ ಒಂದೊಂದು ಬಾಲ್ ವಾಲ್ವ್ ಕೂಡಿಸಬೇಕು. ಒಂದು ತೋಟಕ್ಕೆ, ಇನ್ನೊಂದು ಹಳೆಯ ಚರಂಡಿ ದಾರಿಗೆ. ಇದಕ್ಕೆ ಪ್ಲಂಬರುಗಳು ಸಾಮಾನ್ಯವಾಗಿ ಮೂಗು ಮುರಿಯುತ್ತಾರೆ. ಆ ಮನೆಗೆ ಬಂದವನೂ "ಎರಡು ವಾಲ್ವ್ ಯಾಕೆ ಸಾರ್, ಸುಮ್ನೆ ಖರ್ಚು. ಡೈರೆಕ್ಟಾಗಿ ಡ್ರಮ್ಮಿಗೇ ಬಿಟ್ಬಿಡ್ತೀನಿ" ಎಂದ. ಒಪ್ಪಬಾರದು. ಬಚ್ಚಲನ್ನು ಆ್ಯಸಿಡ್ ಹಾಕಿ ಉಜ್ಜುವ ದಿನ, ತಲೆಗೆ ಡೈ ಹಚ್ಚಿಕೊಂಡ ದಿನ, ಮಗುವಿನ ಹೇಸಿಗೆ ಬಟ್ಟೆ ಒಗೆಯುವ ದಿನ, ಮನೆಯಲ್ಲಿ ಯಾರಿಗಾದರೂ ವಾಂತಿಭೇದಿಯಾದಾಗ, ಬಿಳಿ ಬಟ್ಟೆಗೆ ಬ್ಲೀಚ್ ಹಾಕಿದಾಗ ನೀರು ಚರಂಡಿಗೇ ಹೋಗಬೇಕು. ಮಳೆಗಾಲದಲ್ಲೂ ಅಷ್ಟೆ. ವಾಲ್ವುಗಳು ಕೈಗೆ ಎಟುಕುವ ಕಡೆ ಇಲ್ಲದಿದ್ದರೆ ಯಾರೂ ತಿರುಗಿಸುವುದಿಲ್ಲ, ಅದನ್ನೂ ಪ್ಲಂಬರಿಗೆ ಮೊದಲೇ ಹೇಳಬೇಕು. ಮೆಷಿನ್ನಿನ ಪೈಪನ್ನು ಉದ್ದ ಮಾಡಿ ದೂರಕ್ಕೋ ಎತ್ತರಕ್ಕೋ ಎಳೆಯುವುದೂ ಬೇಡ. ಒಳಗಿನ ಪುಟ್ಟ ಪಂಪು ನೀರನ್ನು ಪಕ್ಕದ ಪೈಪಿಗೆ ಹಾಕಲು ಮಾಡಿದ್ದು, ಹೆಚ್ಚು ದುಡಿಸಿದರೆ ಸುಟ್ಟುಹೋಗುತ್ತದೆ. ಆ ಪೈಪಿನ ತುದಿಗೆ ಹಳೆಯ ನೈಲಾನ್ ಕಾಲುಚೀಲವೊಂದನ್ನು ರಬ್ಬರ್ ಬ್ಯಾಂಡಿನಿಂದ ಕಟ್ಟಿದರೆ ನಾರೆಲ್ಲ ಅಲ್ಲೇ ಸಿಕ್ಕಿಬೀಳುತ್ತದೆ. ನಾಲ್ಕೈದು ಸಲ ಬಟ್ಟೆ ಒಗೆದ ಮೇಲೆ ಬಿಚ್ಚಿ ನೋಡಿದರೆ ಒಳಗೆ ಬೂದುಬಣ್ಣದ ಹತ್ತಿಯ ಉಂಡೆ ಇರುತ್ತದೆ. ಅದನ್ನು ಕಸಕ್ಕೆ ಎಸೆದು ಚೀಲವನ್ನು ತೊಳೆದು ಮತ್ತೆ ಕಟ್ಟಿದರಾಯಿತು.

ಇನ್ನು ಎರಡು ಡ್ರಮ್ಮುಗಳ ಕೆಲಸ. ಎರಡೂ 200 ಲೀಟರಿನ ನೀಲಿ ಪ್ಲಾಸ್ಟಿಕ್ ಡ್ರಮ್ಮುಗಳೇ. ಗುಜರಿಯಲ್ಲಿ ಕೊಳ್ಳುವುದಾದರೆ ಒಳಗೆ ಮೊದಲು ಏನಿತ್ತು ಎಂದು ಕೇಳಿ, ಕೀಟನಾಶಕವೋ ರಾಸಾಯನಿಕವೋ ಇದ್ದದ್ದನ್ನು ಬಿಡಬೇಕು. ಮೊದಲನೆಯದು ಬಾಟಲಿಯಲ್ಲಿ ನಾವು ಕಂಡದ್ದನ್ನೇ ದೊಡ್ಡದಾಗಿ ಮಾಡುವ ಡ್ರಮ್ಮು. ಒಳಬರುವ ಪೈಪಿಗೆ ಡ್ರಮ್ಮಿನೊಳಗೆ ಒಂದು ಟೀ ಕೂಡಿಸಿ, ಅದರ ಕಾಲು ನೀರಿನ ಮಟ್ಟಕ್ಕಿಂತ ಒಂದಡಿ ಕೆಳಗೆ ಇಳಿಯುವಂತೆ ಮಾಡಬೇಕು. ಹಾಗಿಲ್ಲದೆ ಮೆಷಿನ್ನು ಒಮ್ಮೆಲೇ ನಲವತ್ತು-ಐವತ್ತು ಲೀಟರ್ ರಭಸದಿಂದ ಸುರಿದಾಗ ತಳದ ಕೆಸರೆಲ್ಲ ಮೇಲೆದ್ದು ಕಲಕುತ್ತದೆ. ಹೊರಹೋಗುವ ಪೈಪು ಡ್ರಮ್ಮಿನ ಮೂರರಲ್ಲಿ ಎರಡು ಭಾಗದ ಎತ್ತರದಲ್ಲಿ, ಎದುರು ಮಗ್ಗುಲಲ್ಲಿ. ಅದಕ್ಕೂ ಒಂದು ಟೀ, ಅದರ ಬಾಯಿ ಮೇಲ್ಮೈಗಿಂತ ಅರ್ಧ ಅಡಿ ಕೆಳಗೆ. ಆಗ ಮೇಲೆ ತೇಲುವ ಸೋಪಿನ ಕೆನೆಯೂ ತಳದ ಕೆಸರೂ ಅಲ್ಲಲ್ಲೇ ಉಳಿದು, ನಡುವಿನ ತಿಳಿನೀರು ಮಾತ್ರ ಮುಂದೆ ಸಾಗುತ್ತದೆ. ತಳಕ್ಕೆ ಒಂದು ವಾಲ್ವ್ ಇರಲೇಬೇಕು. ಹದಿನೈದು ದಿನಕ್ಕೊಮ್ಮೆ ಅದನ್ನು ತೆರೆದರೆ ಕಪ್ಪು ಗಸಿ ಹೊರಬರುತ್ತದೆ, ಅದನ್ನು ಬಾಳೆ ಬುಡದಲ್ಲಿ ಮಣ್ಣು ಮುಚ್ಚಿ ಹೂತರಾಯಿತು.

ಈ ಡ್ರಮ್ಮಿನಲ್ಲಿ ಯಾವಾಗಲೂ ನೂರಮೂವತ್ತು ಲೀಟರಿನಷ್ಟು ನೀರು ನಿಂತಿರುತ್ತದೆಯಲ್ಲ, ಅದು ನಾರುವುದಿಲ್ಲವೇ? ಹೊಸ ನೀರು ಬಂದಂತೆ ಹಳೆಯದನ್ನು ತಳ್ಳುತ್ತದೆ. ದಿನಕ್ಕೆ 120 ಲೀಟರ್ ಬರುವ ಕಡೆ ನೀರು ಹೆಚ್ಚುಕಡಿಮೆ ಒಂದು ದಿನದಲ್ಲಿ ಬದಲಾಗುತ್ತದೆ. ಇಬ್ಬರೇ ಇರುವ ಮನೆಗೆ ಇದೇ ಡ್ರಮ್ಮು ದೊಡ್ಡದಾಯಿತು, ನೂರು ಲೀಟರಿನದು ಸಾಕು. ನಾಲ್ಕು ದಿನ ಊರಿಗೆ ಹೋಗುವವರು ತಳದ ವಾಲ್ವ್ ತೆರೆದು ಪೂರ್ತಿ ಖಾಲಿ ಮಾಡಿ ಹೋಗಬೇಕು. ಮುಚ್ಚಳದ ಸುತ್ತ, ಗಾಳಿಕೊಳವೆಯ ಬಾಯಿಗೆ ಸೊಳ್ಳೆ ಪರದೆ ಬಿಗಿದಿರಬೇಕು. ಡೆಂಗಿ ಹರಡುವ ಸೊಳ್ಳೆ ನಿಂತ ನೀರಿನಲ್ಲಿ ಮೊಟ್ಟೆಯಿಂದ ರೆಕ್ಕೆ ಬರುವಷ್ಟು ಬೆಳೆಯಲು ಒಂದೂಕಾಲು ವಾರ ಸಾಕು.

ಎರಡನೆಯದು ಸೋಸುವ ಡ್ರಮ್ಮು. ತಳದಲ್ಲಿ ತೂತು ಕೊರೆದ ಪೈಪು, ಅದು ಮುಳುಗುವಂತೆ 40 ಎಂಎಂ ಜಲ್ಲಿ ಅರ್ಧ ಅಡಿ. ಅದರ ಮೇಲೆ 20 ಎಂಎಂ ಜಲ್ಲಿ ನಾಲ್ಕು ಇಂಚು, ಮತ್ತೆ ಬೇಬಿ ಜಲ್ಲಿ ನಾಲ್ಕು ಇಂಚು, ಕೊನೆಗೆ ದಪ್ಪ ಮರಳು ಒಂದಡಿ. ಮರಳಿನ ಮೇಲೆ ಎರಡು ಇಂಚು ಜಲ್ಲಿ ಹರಡಿ, ನೀರು ಬೀಳುವ ಜಾಗದಲ್ಲಿ ಒಂದು ಚಪ್ಪಡಿ ಚೂರು ಇಡಬೇಕು, ಇಲ್ಲದಿದ್ದರೆ ಧಾರೆ ಬಿದ್ದ ಕಡೆ ಮರಳು ಕೊರೆದು ಬಾವಿಯಾಗುತ್ತದೆ. ಜಲ್ಲಿಯ ಗಾತ್ರ ಮೇಲಿನಿಂದ ಕೆಳಕ್ಕೆ ಮೆಲ್ಲನೆ ದೊಡ್ಡದಾಗುತ್ತಾ ಹೋಗಬೇಕು. ಮಧ್ಯೆ ಒಂದು ಗಾತ್ರ ಬಿಟ್ಟರೆ ಮರಳು ಸಂದಿಯಲ್ಲಿ ಜಾರಿ ಪೈಪಿಗೆ ಇಳಿಯುತ್ತದೆ. ಈಗ ಎಲ್ಲ ಕಡೆ ಸಿಗುವುದು ಎಂ-ಸ್ಯಾಂಡ್. ಅದರಲ್ಲಿ ಕಲ್ಲಿನ ಹಿಟ್ಟು ತುಂಬ ಇರುತ್ತದೆ. ಬಾಣಲೆಯಲ್ಲಿ ಹಾಕಿ, ಅಕ್ಕಿ ತೊಳೆದಂತೆ ಬಸಿದ ನೀರು ತಿಳಿಯಾಗುವವರೆಗೆ ತೊಳೆಯದೆ ಹಾಕಿದರೆ ಸೋಸುವ ಡ್ರಮ್ಮು ಮೊದಲ ದಿನವೇ ಕಟ್ಟಿಕೊಳ್ಳುತ್ತದೆ. ಇದ್ದಿಲು ಹಾಕಬೇಕೆ ಎಂದು ತುಂಬ ಜನ ಕೇಳುತ್ತಾರೆ. ಹಾಕಿದರೆ ಕೆಲವು ವಾರ ವಾಸನೆ, ಬಣ್ಣ ಕಡಿಮೆಯಾಗುತ್ತದೆ, ಆಮೇಲೆ ಅದರ ಹೀರುವ ಶಕ್ತಿ ಮುಗಿದು ಬರೀ ಕಪ್ಪು ಕಲ್ಲಿನಂತೆ ಕೂತಿರುತ್ತದೆ. ಗಿಡಕ್ಕೆ ಹೋಗುವ ನೀರಿಗೆ ಅದರ ಅಗತ್ಯವಿಲ್ಲ ಎಂದೇ ನನ್ನ ಅಭಿಪ್ರಾಯ.

ತಳದ ಪೈಪಿಗೆ ನಲ್ಲಿ ಹಾಕಿ ಮುಚ್ಚುವುದು ಎಲ್ಲರಿಗೂ ಬರುವ ಯೋಚನೆ. ಅದನ್ನು ಮಾಡಬಾರದು. ನೀರು ಹರಿದುಹೋದ ಮೇಲೆ ಮರಳಿನ ಸಂದಿಗೆ ಗಾಳಿ ಬರಬೇಕು. ಗಾಳಿ ಸಿಕ್ಕ ಮರಳಿನ ಮೇಲೆ ಎರಡು-ಮೂರು ವಾರಗಳಲ್ಲಿ ಕಣ್ಣಿಗೆ ಕಾಣದ ಲೋಳೆಯ ಪದರವೊಂದು ಬೆಳೆಯುತ್ತದೆ, ಕರಗಿದ ಕೊಳೆಯನ್ನು ತಿನ್ನುವುದು ಅದೇ. ಆರಂಭದ ದಿನಗಳಿಗಿಂತ ಒಂದು ತಿಂಗಳ ನಂತರ ನೀರು ಚೆನ್ನಾಗಿ ಬರುವುದು ಇದರಿಂದ. ನಲ್ಲಿ ಮುಚ್ಚಿದರೆ ಮರಳು ಮುಳುಗಿ, ಉಸಿರುಕಟ್ಟಿ, ಮತ್ತೆ ಆ ಮೊಟ್ಟೆಯ ವಾಸನೆ. ಕಟ್ಟಿಕೊಂಡಿದೆಯೇ ಎಂದು ತಿಳಿಯುವುದು ಸುಲಭ: ಸ್ನಾನ ಮುಗಿದು ಒಂದು ಗಂಟೆಯಾದರೂ ಮರಳಿನ ಮೇಲೆ ನೀರು ನಿಂತಿದ್ದರೆ ಮೇಲಿನ ಜಲ್ಲಿ ಸರಿಸಿ ನೋಡಿ. ಮರಳಿನ ಮೊದಲ ಒಂದು ಇಂಚು ಕಪ್ಪಾಗಿ, ಜಿಗುಟಾಗಿ, ಚಪಾತಿಯಂತೆ ಎದ್ದುಬರುತ್ತದೆ. ಅದರ ಕೆಳಗೆ ಮರಳು ಇನ್ನೂ ತನ್ನ ಬಣ್ಣದಲ್ಲೇ ಇರುತ್ತದೆ. ಆ ಒಂದು ಇಂಚನ್ನಷ್ಟೇ ಕೆರೆದು, ತೊಳೆದು, ಒಣಗಿಸಿ ಮತ್ತೆ ಹರಡಬೇಕು. ಎಲ್ಲವನ್ನೂ ಅಗೆದು ತೊಳೆದರೆ ಬೆಳೆದ ಪದರವೂ ಹೋಗುತ್ತದೆ.

ಸೋಸುವ ಡ್ರಮ್ಮಿನಿಂದ ಹೊರಬಂದ ನೀರು ನೋಡಲು ತಿಳಿ. ಹೆಚ್ಚಿನವರು ಇಲ್ಲಿಗೆ ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ಆದರೆ ಮರಳು ಹಿಡಿದಿಡುವುದು ಕಣಗಳನ್ನು, ಕೊಳೆಯಲ್ಲಿ ಒಂದು ಪಾಲನ್ನು. ನೀರಿನಲ್ಲಿ ಕರಗಿದ ಉಪ್ಪು ಯಾವ ಜಲ್ಲಿಗೂ ಯಾವ ಮರಳಿಗೂ ಸಿಗುವುದಿಲ್ಲ, ಹೇಗೆ ಬಂದಿತೋ ಹಾಗೆ ತೋಟಕ್ಕೆ ಹೋಗುತ್ತದೆ. ಈ ಉಪ್ಪಿನಲ್ಲಿ ಮುಖ್ಯವಾದದ್ದು ಸೋಡಿಯಂ. ಡಿಟರ್ಜೆಂಟ್ ಪುಡಿಯಲ್ಲಿ ವಾಷಿಂಗ್ ಸೋಡಾ, ಸೋಡಿಯಂ ಸಲ್ಫೇಟ್ ಎರಡೂ ಧಾರಾಳ. ಒಂದು ಸಲಕ್ಕೆ 80 ಗ್ರಾಂ ಪುಡಿ, ವರ್ಷಕ್ಕೆ 180 ಸಲ ಎಂದರೆ ಹದಿನಾಲ್ಕು ಕಿಲೋ ಪುಡಿ. ಅದರ ತೂಕದಲ್ಲಿ ಐದರಲ್ಲೊಂದು ಪಾಲು ಸೋಡಿಯಂ ಎಂದು ಇಟ್ಟುಕೊಂಡರೂ ವರ್ಷಕ್ಕೆ ಸುಮಾರು ಮೂರು ಕಿಲೋ ಸೋಡಿಯಂ ಅಂಗೈಯಗಲದ ಆ ತೋಟಕ್ಕೆ ಬೀಳುತ್ತದೆ.

ಜೇಡಿಮಣ್ಣಿನ ಕಣಗಳು ಕ್ಯಾಲ್ಸಿಯಂ ಇದ್ದಾಗ ಒಂದಕ್ಕೊಂದು ಅಂಟಿ ಹರಳುಹರಳಾಗಿ ನಿಲ್ಲುತ್ತವೆ, ನಡುವೆ ನೀರು-ಗಾಳಿಗೆ ದಾರಿ ಇರುತ್ತದೆ. ಸೋಡಿಯಂ ಹೆಚ್ಚಾದಂತೆ ಅದು ಕ್ಯಾಲ್ಸಿಯಮ್ಮನ್ನು ಎಬ್ಬಿಸಿ ತಾನು ಕೂರುತ್ತದೆ. ಹರಳುಗಳು ಬಿಚ್ಚಿ ಪುಡಿಯಾಗಿ, ಸಂದಿಗಳನ್ನು ತುಂಬಿ, ಮಣ್ಣು ಒಣಗಿದಾಗ ಸಿಮೆಂಟಿನಂತೆ ಗಟ್ಟಿಯಾಗುತ್ತದೆ. ಬೆಂಗಳೂರು, ಕೋಲಾರದ ಕೆಂಪುಮಣ್ಣು ನೀರನ್ನು ಬೇಗ ಇಳಿಸಿಕೊಳ್ಳುವುದರಿಂದ ಇದನ್ನು ಒಂದಷ್ಟು ಕಾಲ ತಾಳುತ್ತದೆ. ವಿಜಯಪುರ, ಧಾರವಾಡ, ಕಲಬುರಗಿ ಕಡೆಯ ಎರೆಮಣ್ಣಿನಲ್ಲಿ ಜೇಡಿಯೇ ಹೆಚ್ಚು, ಅಲ್ಲಿ ಹಾನಿ ಬೇಗ ಕಾಣಿಸುತ್ತದೆ. ಪುಡಿ ಹಾಕಿದ ಬಟ್ಟೆ ನೀರನ್ನು ಎರೆಮಣ್ಣಿಗೆ ದಿನವೂ ಬಿಡುವುದನ್ನು ನಾನು ಯಾರಿಗೂ ಹೇಳುವುದಿಲ್ಲ.

ಕೆಡುತ್ತಿದೆ ಎಂಬುದನ್ನು ಮೊದಲು ಮಣ್ಣೇ ಹೇಳುತ್ತದೆ. ಹಿಂದೆ ಹಾಕಿದ ನೀರು ಹತ್ತು ನಿಮಿಷದಲ್ಲಿ ಇಳಿಯುತ್ತಿದ್ದ ಪಾತಿಯಲ್ಲಿ ಈಗ ಒಂದು ಗಂಟೆ ನಿಲ್ಲುತ್ತದೆ. ಒಣಗಿದಾಗ ಅಂಚಿನಲ್ಲಿ ಬಿಳಿ ಪೊರೆ. ಆಮೇಲೆ ಎಲೆ: ತುದಿ, ಅಂಚು ಸುಟ್ಟಂತೆ ಕಂದಾಗುತ್ತದೆ. ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದಿದ್ದರೆ ಅದು ಬೇರೆ ತೊಂದರೆ. ಸೋಡಾದಿಂದ ಮಣ್ಣು ಕ್ಷಾರವಾಗಿ ಬೇರಿಗೆ ಕಬ್ಬಿಣ ಸಿಗುತ್ತಿಲ್ಲ ಎಂದರ್ಥ. ನೀರು ಕಡಿಮೆಯಾಯಿತೆಂದು ಇನ್ನಷ್ಟು ಅದೇ ನೀರು ಹಾಕಿದರೆ ಎರಡೂ ಹೆಚ್ಚಾಗುತ್ತವೆ. ಆ ಮನೆಯಲ್ಲಿ ಲಿಂಬೆ ಗಿಡ ಈ ಗುರುತು ತೋರಿಸಿದ ಮೇಲೆ ಪುಡಿಯನ್ನು ಬಿಟ್ಟು ದ್ರವ ಡಿಟರ್ಜೆಂಟಿಗೆ ಬಂದರು. ಸಾಮಾನ್ಯವಾಗಿ ದ್ರವದಲ್ಲಿ ತೂಕ ತುಂಬಿಸುವ ಉಪ್ಪು ಕಡಿಮೆ. ಅದನ್ನೂ ಮುಚ್ಚಳದ ಗೆರೆಯವರೆಗೆ ಸುರಿಯದೆ ಅರ್ಧ ಹಾಕಿ ನೋಡಿದರು, ಬಟ್ಟೆ ಕೊಳೆಯಾಗಿ ಉಳಿಯಲಿಲ್ಲ. ಪಾತಿಗೆ ಚದರ ಮೀಟರಿಗೆ ಅರ್ಧ ಕಿಲೋದಂತೆ ಜಿಪ್ಸಂ ಹರಡಿ, ಕೆದಕಿ, ಶುದ್ಧ ನೀರು ಹಾಯಿಸಿದರು. ಜಿಪ್ಸಂನ ಕ್ಯಾಲ್ಸಿಯಂ ಸೋಡಿಯಮ್ಮನ್ನು ಅದರ ಜಾಗದಿಂದ ಎಬ್ಬಿಸುತ್ತದೆ, ನೀರು ಅದನ್ನು ಬೇರಿನ ಕೆಳಗೆ ಒಯ್ಯುತ್ತದೆ. ಲಿಂಬೆಗೆ ಈಗ ಈ ನೀರಿಲ್ಲ.

ಬೋರ್‌ವೆಲ್ ಗಡಸು ನೀರಿಗೆ ಸಾಫ್ಟನರ್ ಹಾಕಿಸಿದ ಮನೆಗಳಿಗೆ ಒಂದು ಮಾತು. ಆ ಯಂತ್ರ ಕ್ಯಾಲ್ಸಿಯಂ ತೆಗೆದು ಬದಲಿಗೆ ಸೋಡಿಯಂ ಕೊಡುತ್ತದೆ. ಅಂಥ ನೀರಿನಲ್ಲಿ ಸ್ನಾನ ಮಾಡಿ, ಬಟ್ಟೆ ಒಗೆದು ತೋಟಕ್ಕೆ ಬಿಟ್ಟರೆ ಡಿಟರ್ಜೆಂಟ್ ಎಷ್ಟು ಒಳ್ಳೆಯದಾದರೂ ಪ್ರಯೋಜನವಿಲ್ಲ. ಸಾಫ್ಟನರನ್ನು ಉಪ್ಪಿನಿಂದ ತೊಳೆದಾಗ ಬರುವ ನೀರಂತೂ ಸೀದಾ ಉಪ್ಪುನೀರು.

ಯಾವ ಗಿಡಕ್ಕೆ ಎಂಬುದರಲ್ಲಿ ನಮ್ಮ ಹಿತ್ತಲುಗಳ ಲೆಕ್ಕ ತಪ್ಪಿರಲಿಲ್ಲ. ಬಚ್ಚಲ ನೀರು ಹೋಗುವ ಕಡೆ ಬಾಳೆ, ತೆಂಗು, ಕೆಸು ಇರುತ್ತಿದ್ದವು. ಮೂರೂ ನೀರು ಕುಡಿಯುವ ಗಿಡಗಳು, ಮೂರನ್ನೂ ಯಾರೂ ಬುಡದಿಂದ ಕಿತ್ತು ಹಸಿಯಾಗಿ ತಿನ್ನುವುದಿಲ್ಲ. ಆಗಿನ ನೀರಿನಲ್ಲಿ ಸೀಗೆ, ಅಂಟುವಾಳ, ಕಡಲೆಹಿಟ್ಟು ಇತ್ತು ಎಂಬುದಷ್ಟೇ ವ್ಯತ್ಯಾಸ. ಕಣಗಿಲೆ, ಬೋಗನ್‌ವಿಲ್ಲಾ, ಸಪೋಟಕ್ಕೂ ಈ ನೀರು ನಡೆಯುತ್ತದೆ. ಕೊತ್ತಂಬರಿ, ಪಾಲಕ್, ಮೂಲಂಗಿ, ಕ್ಯಾರೆಟ್‌ಗೆ ಬೇಡವೇ ಬೇಡ. ಒಳಉಡುಪು ಒಗೆದ ನೀರಿನಲ್ಲಿ ಹೊಟ್ಟೆಯ ರೋಗಾಣುಗಳು ಇದ್ದೇ ಇರುತ್ತವೆ, ಒಂದಡಿ ಮರಳು ಅವುಗಳನ್ನೆಲ್ಲ ಕೊಲ್ಲುವುದಿಲ್ಲ. ಎಲೆಯ ಮೇಲೆ ಚಿಮುಕಿಸುವುದೂ ಸ್ಪ್ರಿಂಕ್ಲರಿನಲ್ಲಿ ಹಾರಿಸುವುದೂ ಬೇಡ. ಡ್ರಿಪ್ಪಿನ ಸಣ್ಣ ತೂತು ವಾರದಲ್ಲಿ ಲೋಳೆ ಕಟ್ಟುತ್ತದೆ. ಮುಕ್ಕಾಲು ಇಂಚಿನ ಬಾಯಿತೆರೆದ ಪೈಪೊಂದನ್ನು ಪಾತಿಯ ತರಗೆಲೆಯ ಹೊದಿಕೆಯ ಕೆಳಗೆ ಬಿಟ್ಟು, ದಿನಕ್ಕೊಂದು ಪಾತಿಗೆ ಬದಲಿಸುವುದೇ ಎಲ್ಲಕ್ಕಿಂತ ಸರಿ. ಕುಂಡಗಳಲ್ಲಿ ಉಪ್ಪಿಗೆ ಇಳಿದುಹೋಗಲು ಜಾಗವಿಲ್ಲ, ಅವಕ್ಕೆ ಎರಡು ಸಲ ಇದಾದರೆ ಒಂದು ಸಲ ಒಳ್ಳೆಯ ನೀರು.

ಅಜ್ಜಿಯ ತಕರಾರು ಬೇರೆಯೇ ಇತ್ತು. "ಮೈ ತೊಳ್ದ ನೀರು ದೇವರ ದಾಸವಾಳಕ್ಕಾ? ಆಗಲ್ಲಪ್ಪ" ಎಂದರು. ದಾಸವಾಳವನ್ನೂ ತುಳಸಿಯನ್ನೂ ಆ ಸಾಲಿನಿಂದ ಬೇರೆ ಮಾಡಿ, ಅವಕ್ಕೆ ಅವರೇ ತಂಬಿಗೆಯಲ್ಲಿ ನೀರು ಹಾಕುತ್ತಾರೆ. ದಿನಕ್ಕೆ ಎರಡು ತಂಬಿಗೆ. ಇದರಲ್ಲಿ ವಾದ ಮಾಡುವಂಥದ್ದು ಏನೂ ಇಲ್ಲ.

ಇನ್ನೂ ಮುಂದೆ ಹೋಗುವ ಆಸಕ್ತಿ ಇದ್ದವರು ಮೂರನೆಯ ಡ್ರಮ್ಮಿನಲ್ಲಿ ಜಲ್ಲಿ ತುಂಬಿ ಕಾಬಾಳೆಯನ್ನೋ ಜೊಂಡನ್ನೋ ನೆಡಬಹುದು. ಬೇರುಗಳ ಸುತ್ತ ಬೆಳೆಯುವ ಸೂಕ್ಷ್ಮಜೀವಿಗಳು ಮರಳು ಬಿಟ್ಟ ಕೊಳೆಯನ್ನು ತಿನ್ನುತ್ತವೆ. ನೀರಿನ ವಿಷಯದಲ್ಲಿ ದಶಕಗಳಿಂದ ಕೆಲಸ ಮಾಡುತ್ತಿರುವ ಎಸ್. ವಿಶ್ವನಾಥ್ ಬೆಂಗಳೂರಿನ ತಮ್ಮ ಮನೆಯ ತಾರಸಿಯಲ್ಲಿ ಬಟ್ಟೆ ಒಗೆದ ನೀರನ್ನು ಹೀಗೆ ಗಿಡಗಳಿರುವ ಡ್ರಮ್ಮುಗಳಲ್ಲಿ ಹಾಯಿಸಿ ಅಲ್ಲಿಯೇ ಭತ್ತ ಬೆಳೆದು ತೋರಿಸಿದ್ದಾರೆ. ಆದರೂ ಉಪ್ಪಿನ ಮಾತು ಹಾಗೆಯೇ ಉಳಿಯುತ್ತದೆ, ಜೊಂಡು ಅದನ್ನು ಹೆಚ್ಚು ಹೀರುವುದಿಲ್ಲ.

ಜಾಗ ನೋಡುವಾಗ ಸಂಪನ್ನು ಮರೆಯಬಾರದು. ಬೆಂಗಳೂರಿನ ಮನೆಗಳಲ್ಲಿ ಕುಡಿಯುವ ನೀರಿನ ಸಂಪು ಇರುವುದು ಗೇಟಿನ ಪಕ್ಕ ನೆಲದೊಳಗೆ, ಹೂಪಾತಿ ಇರುವುದೂ ಅಲ್ಲಿಯೇ. ಹಳೆಯ ಸಂಪುಗಳ ಗೋಡೆಯಲ್ಲಿ ಬಿರುಕಿರುವುದು ಸಾಮಾನ್ಯ. ಅದರ ಸುತ್ತಲಿನ ಪಾತಿಗೂ ತೆರೆದ ಬಾವಿಯ ಹತ್ತಿರಕ್ಕೂ ಈ ಪೈಪು ಹೋಗಬಾರದು. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ತೋಟದ ವಾಲ್ವ್ ಮುಚ್ಚಿ ಚರಂಡಿಯದನ್ನು ತೆರೆದುಬಿಡಬೇಕು. ನೆಂದ ಮಣ್ಣು ಇನ್ನಷ್ಟು ನೀರು ಕುಡಿಯುವುದಿಲ್ಲ, ಮೇಲಾಗಿ ಆ ನಾಲ್ಕೈದು ತಿಂಗಳ ಮಳೆಯೇ ಬೇಸಗೆಯ ಉಪ್ಪನ್ನು ತೊಳೆದು ಕೆಳಗಿಳಿಸಬೇಕು. ಆ ಬಿಡುವಿನಲ್ಲಿ ಎರಡೂ ಡ್ರಮ್ಮು ಖಾಲಿ ಮಾಡಿ, ಮರಳನ್ನು ಒಮ್ಮೆ ಪೂರ್ತಿ ತೊಳೆದು ಬಿಸಿಲಿಗೆ ಹಾಕಿಕೊಂಡರೆ ದೀಪಾವಳಿಯ ನಂತರ ಮತ್ತೆ ಶುರು ಮಾಡಬಹುದು.